ಕಿವಿಹಾಲೆ ಸೋರುತ್ತಿದ್ದರೆ ಓಲೆಯ ತಿರುಪು ನೋಡಿ

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ, ಪಿಯುಸಿ ಓದುತ್ತಿದ್ದಾಳೆ. ದಸರಾ ವಸ್ತುಪ್ರದರ್ಶನದಲ್ಲಿ ತಂದ ಜುಮಕಿ ಹಾಕಿಕೊಂಡ ಮೇಲೆ ಎರಡೂ ಕಿವಿಹಾಲೆ ಕೆಂಪಗಾಗಿ, ವಿಪರೀತ ನವೆ ಬಂದು, ಈಗ ನೀರು ಸೋರುತ್ತಿದೆ. ಬೆಳಿಗ್ಗೆ ಏಳುವಾಗ ಕಿವಿ ದಿಂಬಿಗೆ ಅಂಟಿಕೊಂಡಿರುತ್ತದೆ. ಮೂರು ವರ್ಷದಿಂದ ಇಂಥವೇ ಓಲೆ ಹಾಕುತ್ತಿದ್ದಳು, ಏನೂ ಆಗಿರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದರೆ ಎರಡು ದಿನ ವಾಸಿ, ಆಮೇಲೆ ಮತ್ತೆ ಶುರು. ನಂಜು ಅಂತ ನಮ್ಮತ್ತೆ ಬದನೆಕಾಯಿ, ಕಡಲೆಬೀಜ ನಿಲ್ಲಿಸಿದ್ದಾರೆ. ಜುಮಕಿ ತೆಗೆದು ನನ್ನ ಚಿನ್ನದ ಓಲೆ ಹಾಕಿದೆ, ಅದಕ್ಕೂ ನವೆ ಬಂತು. ಚಿನ್ನವೂ ಆಗುವುದಿಲ್ಲ ಅಂದರೆ ಇನ್ನೇನು ಹಾಕುವುದು? ಮುಂದಿನ ತಿಂಗಳು ಮನೆಯಲ್ಲಿ ಮದುವೆ ಇದೆ.
– ಓದುಗರೊಬ್ಬರು, ಮಂಡ್ಯ

ಉತ್ತರ:

ಮೊದಲು ಮಗಳಿಗೆ ಬದನೆಕಾಯಿ, ಕಡಲೆಬೀಜ ಎರಡನ್ನೂ ಕೊಡಿ. ಈ ತೊಂದರೆ ಹೊಟ್ಟೆಯಿಂದ ಬಂದದ್ದಲ್ಲ, ರಕ್ತ ಕೆಟ್ಟು ಬಂದದ್ದೂ ಅಲ್ಲ. ನೀವು ಬರೆದಿರುವ ಲಕ್ಷಣ ನೋಡಿದರೆ ಇದು ಬಹುತೇಕ ನಿಕಲ್ ಎಂಬ ಲೋಹಕ್ಕೆ ಚರ್ಮ ತೋರಿಸುತ್ತಿರುವ ಅಲರ್ಜಿ. ಲೋಹ ಎಲ್ಲಿ ತಾಗುತ್ತದೋ ಅಲ್ಲಿ ಬರುತ್ತದೆ, ತಾಗುವುದು ನಿಂತರೆ ನಿಲ್ಲುತ್ತದೆ. ಕಡಲೆಬೀಜ, ಬೇಳೆಕಾಳುಗಳಲ್ಲಿ ನಿಕಲ್ ಸ್ವಲ್ಪ ಇರುವುದು ನಿಜ. ಆದರೆ ತಿಂದ ನಿಕಲ್‌ನಿಂದ ಮೈಮೇಲೆ ಏಳುವುದು ಅಲರ್ಜಿ ಇರುವವರಲ್ಲೂ ಕೆಲವರಿಗೆ ಮಾತ್ರ. ಓಲೆ ಹಾಕಿದ ಜಾಗದಲ್ಲಷ್ಟೇ ತೊಂದರೆ ಇರುವ, ಬೆಳೆಯುವ ಹುಡುಗಿಗೆ ಊಟ ಕಟ್ಟುವುದರಿಂದ ಏನೂ ಸಿಗುವುದಿಲ್ಲ. ಮನೆಯ ಸ್ಟೀಲ್ ಪಾತ್ರೆಗಳನ್ನೂ ಬದಲಿಸಬೇಕಾಗಿಲ್ಲ.

ಮೂರು ವರ್ಷ ಏನೂ ಆಗದೆ ಈಗ ಯಾಕೆ ಬಂತು ಎಂಬುದು ನನ್ನ ಬಳಿ ಬರುವ ಹೆಚ್ಚಿನ ತಾಯಂದಿರ ಪ್ರಶ್ನೆ. ಅಲರ್ಜಿ ಹುಟ್ಟಿನಿಂದ ಬರುವುದಲ್ಲ, ದೇಹ ಅದನ್ನು ಕಲಿಯುತ್ತದೆ. ಅಗ್ಗದ ಓಲೆಗಳನ್ನು ಸಾಮಾನ್ಯವಾಗಿ ಹಿತ್ತಾಳೆಯಲ್ಲೋ ಬೇರೆ ಮಿಶ್ರಲೋಹದಲ್ಲೋ ಮಾಡಿ, ಅದರ ಮೇಲೆ ನಿಕಲ್‌ನ ಒಂದು ಪದರ ಹಾಕಿ, ಅದರ ಮೇಲೆ ಬಂಗಾರದ ಬಣ್ಣದ ತೆಳು ಪಾಲಿಶ್ ಕೊಟ್ಟಿರುತ್ತಾರೆ. ನಿಕಲ್ ಹಾಕುವುದು ಮೋಸಕ್ಕಲ್ಲ. ಅದು ಅಗ್ಗ, ಗಟ್ಟಿ, ಹೊಳಪು ಕೊಡುತ್ತದೆ, ಮೇಲಿನ ಪಾಲಿಶ್ ಕಚ್ಚಿಕೊಳ್ಳಲು ಸಹಾಯ ಮಾಡುತ್ತದೆ. ಪಾಲಿಶ್ ಗಟ್ಟಿಯಾಗಿರುವಷ್ಟು ದಿನ ನಿಕಲ್ ಚರ್ಮಕ್ಕೆ ತಾಗುವುದಿಲ್ಲ. ದಿನಾ ತೂತಿನಲ್ಲಿ ಹೋಗಿ ಬರುವ ಕಡ್ಡಿಯ ಮೇಲೆ, ತಿರುಪು ತಿರುಗುವ ಕಡೆ ಅದು ಮೊದಲು ಸವೆಯುತ್ತದೆ. ಆಮೇಲೆ ಬೆವರಿನ ಉಪ್ಪು ನಿಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ. ಕಿವಿಯ ತೂತಿನೊಳಗೆ ಬೆವರು, ಸೋಪು, ಎಣ್ಣೆ ನಿಂತುಕೊಳ್ಳುತ್ತವೆ, ಗಾಳಿಯಾಡುವುದಿಲ್ಲ. ಕರಗಿದ ನಿಕಲ್ ಚರ್ಮದೊಳಗೆ ಇಳಿಯಲು ಇದಕ್ಕಿಂತ ಅನುಕೂಲದ ಜಾಗ ಇಲ್ಲ. ಹೊಸದಾಗಿ ಚುಚ್ಚಿಸಿದ ಹಸಿ ಗಾಯಕ್ಕೆ ಇಂಥ ಓಲೆ ಹಾಕಿದರಂತೂ ಅಲರ್ಜಿ ಹುಟ್ಟುವ ಸಂಭವ ತುಂಬಾ ಹೆಚ್ಚು.

ಹೀಗೆ ತಾಗಿ ತಾಗಿ ಒಂದು ದಿನ ರೋಗನಿರೋಧಕ ಕಣಗಳು ನಿಕಲ್ಲನ್ನು ಶತ್ರು ಎಂದು ಗುರುತು ಹಾಕಿಕೊಳ್ಳುತ್ತವೆ. ಅದು ಕೆಲವು ವಾರಗಳಲ್ಲೂ ಆಗಬಹುದು, ಕೆಲವು ವರ್ಷಗಳಾದ ಮೇಲೂ ಆಗಬಹುದು. ಒಮ್ಮೆ ಆದರೆ ಆ ನೆನಪು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಅದನ್ನು ಅಳಿಸುವ ಮಾತ್ರೆ, ಇಂಜೆಕ್ಷನ್ ಯಾವುದೂ ಇಲ್ಲ. ಇದು ಕೇಳಲು ಬೇಸರದ ಮಾತು, ಆದರೆ ನಿಮಗೆ ಗೊತ್ತಿರಬೇಕು. ಯಾರಾದರೂ ‘ಬೇರಿನಿಂದ ವಾಸಿ ಮಾಡುತ್ತೇನೆ’ ಎಂದರೆ ದುಡ್ಡು ಕೊಡಬೇಡಿ. ಮುಂದೆ ಮಗಳು ನಿಕಲ್ ತಾಗದಂತೆ ನೋಡಿಕೊಂಡರೆ ಬೇರೆ ಎಲ್ಲರಂತೆ ಓಲೆ ಹಾಕಿಕೊಂಡು ಓಡಾಡಬಹುದು.

ಈಗ ಚಿನ್ನದ ವಿಚಾರಕ್ಕೆ ಬರುತ್ತೇನೆ, ನಿಮ್ಮ ಪತ್ರದಲ್ಲಿ ಮುಖ್ಯವಾದದ್ದು ಅದೇ. ನಿಮ್ಮ ಓಲೆ 22 ಕ್ಯಾರೆಟ್ಟಿನದ್ದಾದರೆ ಅದರಲ್ಲಿ ನೂರಕ್ಕೆ 91.6 ಪಾಲು ಬಂಗಾರ. ಉಳಿದದ್ದು ಸಾಮಾನ್ಯವಾಗಿ ತಾಮ್ರ, ಬೆಳ್ಳಿ. ಇದಕ್ಕೆ ಅಲರ್ಜಿ ಬರಲು ಸಾಧ್ಯವೇ ಇಲ್ಲ ಎನ್ನಲಾರೆ, ಆದರೆ ನಿಮ್ಮ ಮಗಳ ವಿಷಯದಲ್ಲಿ ಅದಕ್ಕಿಂತ ಸಂಭವನೀಯವಾದ ಎರಡು ಕಾರಣಗಳಿವೆ.

ಒಂದು, ಸಮಯ. ಈ ಅಲರ್ಜಿ ತಕ್ಷಣ ಏಳುವುದಲ್ಲ. ನಿಕಲ್ ತಾಗಿದ ಮೇಲೆ ಒಂದರಿಂದ ಮೂರು ದಿನಕ್ಕೆ ಜೋರಾಗುತ್ತದೆ, ಓಲೆ ತೆಗೆದ ಮೇಲೂ ಎರಡು ಮೂರು ವಾರ ಉಳಿಯಬಹುದು. ಜುಮಕಿ ತೆಗೆದ ತಕ್ಷಣ ಕೆಂಪಾದ ಚರ್ಮದೊಳಕ್ಕೆ ನೀವು ಚಿನ್ನದ ಓಲೆ ತೂರಿಸಿದಿರಿ. ಮೊದಲೇ ಹತ್ತಿದ್ದ ಉರಿ ಮುಂದುವರಿಯಿತು, ಹೆಸರು ಚಿನ್ನಕ್ಕೆ ಬಂತು. ಹುಣ್ಣಾದ ತೂತಿಗೆ ಯಾವ ಕಡ್ಡಿ ತೂರಿಸಿದರೂ ಕೆರಳುತ್ತದೆ.

ಎರಡು, ತಿರುಪು. ಈಗ ನೀವು ಒಂದು ಕೆಲಸ ಮಾಡಿ, ಆ ಚಿನ್ನದ ಓಲೆಯ ತಿರುಪುಗಳನ್ನು ಬಿಚ್ಚಿ ಬಿಳಿ ಕಾಗದದ ಮೇಲೆ ಇಟ್ಟು ನೋಡಿ. ಎರಡೂ ಒಂದೇ ಬಣ್ಣ, ಒಂದೇ ಅಳತೆ ಇವೆಯೇ? ಓಲೆಯ ಬಣ್ಣಕ್ಕೂ ತಿರುಪಿನ ಬಣ್ಣಕ್ಕೂ ಹೊಂದುತ್ತದೆಯೇ? ಎಲ್ಲಾದರೂ ಹಳದಿ ಸವೆದು ಬೆಳ್ಳಗೆ ಕಾಣುತ್ತಿದೆಯೇ? ತಿರುಪು ಕಳೆದುಹೋಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಕಳೆದಾಗ ಆಚಾರಿ ಹತ್ತಿರ ಹೋಗಲು ಪುರುಸೊತ್ತಿಲ್ಲದೆ ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ತಿರುಪನ್ನೋ, ಒನ್ ಗ್ರಾಂ ಓಲೆಯ ತಿರುಪನ್ನೋ ಹಾಕಿ ಸುಮ್ಮನಾಗುತ್ತೇವೆ. ಓಲೆ ಚಿನ್ನದ್ದೇ, ಕಿವಿಯ ಹಿಂದೆ ಒತ್ತಿ ಕೂತಿರುವುದು ನಿಕಲ್.

ಶ್ರೀರಂಗಪಟ್ಟಣದ ಕಡೆಯ ಒಬ್ಬ ಮಹಿಳೆ ಇದೇ ತೊಂದರೆ ಹೊತ್ತು ಬಂದಿದ್ದರು. ಮದುವೆಯಲ್ಲಿ ಹಾಕಿದ್ದ ಬೆಂಡೋಲೆ, ಇಪ್ಪತ್ತು ವರ್ಷ ತೆಗೆದೇ ಇರಲಿಲ್ಲ. ಒಂದು ವರ್ಷದಿಂದ ಎಡಗಿವಿ ಮಾತ್ರ ಸೋರುತ್ತಿತ್ತು. ಒಂದೇ ಕಿವಿ ಎಂಬ ಕಾರಣಕ್ಕೆ ಅಲ್ಲಿ ಇಲ್ಲಿ ಕೀವಿನ ಔಷಧಿ ಕೊಟ್ಟಿದ್ದರು, ಮೂರ್ನಾಲ್ಕು ಸಲ ಆ್ಯಂಟಿಬಯೋಟಿಕ್ ಆಗಿತ್ತು. ಕಿವಿಹಾಲೆಯನ್ನು ಮಡಚಿ ಹಿಂದೆ ನೋಡಿದರೆ ತಿರುಪಿನ ಅಳತೆಗೆ ಸರಿಯಾಗಿ ದುಂಡನೆಯ ಕೆಂಪು ಗುರುತು, ಅದರ ಸುತ್ತ ಒಣಗಿದ ಹಳದಿ ಹೊಪ್ಪಳೆ. ಮುಂದಿನ ಭಾಗ ಚೆನ್ನಾಗಿಯೇ ಇತ್ತು. ‘ಈ ತಿರುಪು ಯಾವಾಗ ಬದಲಾಯಿಸಿದಿರಿ ಅಮ್ಮಾ?’ ಎಂದೆ. ಅವರಿಗೆ ಮೊದಲು ನೆನಪಾಗಲಿಲ್ಲ. ಜೊತೆಗಿದ್ದ ಮಗಳು ಹೇಳಿದಳು, ಹೋದ ಸಲ ಜಾತ್ರೆಯಲ್ಲಿ ಬಿದ್ದುಹೋಯಿತಲ್ಲ ಅಂತ.

ನಮ್ಮಲ್ಲಿ ಒಂದು ಸರಳ ಪರೀಕ್ಷೆ ಇದೆ. ಡೈಮೀಥೈಲ್‌ಗ್ಲೈಆಕ್ಸೈಮ್ ಎಂಬ ದ್ರಾವಣದ ಎರಡು ಹನಿ, ಅಮೋನಿಯಾ ದ್ರಾವಣದ ಎರಡು ಹನಿ ಹತ್ತಿಯ ಕಡ್ಡಿಗೆ ಹಾಕಿ ಲೋಹದ ಮೇಲೆ ಅರ್ಧ ನಿಮಿಷ ಉಜ್ಜುವುದು. ನಿಕಲ್ ಬಿಡುಗಡೆಯಾಗುತ್ತಿದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅವರ ಬೆಂಡೋಲೆಯ ಮುಂಭಾಗ, ಕಡ್ಡಿ, ಬಲಗಿವಿಯ ಹಳೆಯ ತಿರುಪು ಮೂರಕ್ಕೂ ಹತ್ತಿ ಬೆಳ್ಳಗೇ ಉಳಿಯಿತು. ಎಡಗಿವಿಯ ತಿರುಪಿಗೆ ಉಜ್ಜಿದ ಕಡ್ಡಿ ಅವರ ಕಣ್ಣೆದುರೇ ಕೆಂಪು ಗುಲಾಬಿಯಾಯಿತು. ಆ ತಿರುಪು ಬಿಟ್ಟು, ಅಕ್ಕಸಾಲಿಗರ ಹತ್ತಿರ ಹಳೆಯ ಜೋಡಿಯಂತೆಯೇ ಚಿನ್ನದ್ದು ಮಾಡಿಸಿ ಹಾಕಿಕೊಂಡ ಮೇಲೆ ಕಿವಿ ಮತ್ತೆ ಸೋರಲಿಲ್ಲ. ಎದೆಯ ನಡುವೆ ಅವರಿಗೆ ಇನ್ನೊಂದು ಕಪ್ಪು ತುರಿಕೆಯ ಕಲೆ ಇತ್ತು. ಅದು ತಾಳಿ ಸರಕ್ಕೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನಿನದ್ದು. ಪಿನ್ನಿಗೂ ನಿಕಲ್ ಪಾಲಿಶ್ ಇರುತ್ತದೆ. ನಮ್ಮ ಕಡೆ ಹೆಂಗಸರಲ್ಲಿ ಈ ಅಭ್ಯಾಸ ಎಷ್ಟಿದೆ ಎಂದು ನಿಮಗೂ ಗೊತ್ತು, ನಿಮ್ಮ ಮಗಳು ಅದನ್ನು ಕಲಿಯದಿರಲಿ. ಜೀನ್ಸ್ ಪ್ಯಾಂಟಿನ ಗುಂಡಿ ತಾಗುವ ಕಡೆ, ಹೊಕ್ಕುಳ ಕೆಳಗೆ ಅವಳಿಗೆ ತುರಿಕೆ ಇದೆಯೇ ಎಂದೂ ಕೇಳಿ ನೋಡಿ. ಇದ್ದರೆ ನಿಕಲ್ ಎಂಬ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ನೀವೂ ಮಗಳ ಕಿವಿಯನ್ನು ಬೆಳಕಿಗೆ ಹಿಡಿದು ನೋಡಿ. ಕೆಂಪು ಹಿಂದೆ ಜಾಸ್ತಿ ಇದ್ದರೆ ತಿರುಪಿನ ಮೇಲೆ ಅನುಮಾನ. ಮುಂದೆ ಓಲೆಯ ಆಕಾರದಲ್ಲೇ ಇದ್ದರೆ ಮುಖದ ಭಾಗದ ಮೇಲೆ. ಸುತ್ತ ಚೆನ್ನಾಗಿದ್ದು ತೂತಿನೊಳಗಿಂದಲೇ ಒಸರುತ್ತಿದ್ದರೆ ಕಡ್ಡಿಯ ಮೇಲೆ. ಅಲರ್ಜಿಯಲ್ಲಿ ನವೆ ಹೆಚ್ಚು, ನೋವು ಕಡಿಮೆ, ಸೋರುವುದು ತಿಳಿನೀರು, ಒಣಗಿದಾಗ ಜೇನಿನ ಬಣ್ಣದ ಹೊಪ್ಪಳೆ. ಕೀವಾಗಿದ್ದರೆ ನೋವು, ಬಿಸಿ, ಬಾವು ಮುಂದಾಗುತ್ತವೆ, ಸೋರುವುದು ದಪ್ಪಗೆ ಹಳದಿ ಅಥವಾ ಹಸಿರು. ಕೆರೆದ ಅಲರ್ಜಿಯ ಮೇಲೆ ಕೀವೂ ಸೇರಿಕೊಳ್ಳಬಹುದು, ಆಗ ಎರಡಕ್ಕೂ ಚಿಕಿತ್ಸೆ ಬೇಕು. ಓಲೆ ಹಾಕಿದ ಕಡೆ ಚರ್ಮ ಬರೀ ಹಸಿರಾದರೆ ಅದು ತಾಮ್ರದ ಕಲೆ, ತೊಳೆದರೆ ಹೋಗುತ್ತದೆ, ಅಲರ್ಜಿ ಅಲ್ಲ.

ಈಗ ಚಿಕಿತ್ಸೆ. ಇವತ್ತೇ ಕಿವಿಯಲ್ಲಿರುವ ಲೋಹವನ್ನೆಲ್ಲ ತೆಗೆಯಿರಿ, ಚಿನ್ನವನ್ನೂ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಿಕ್ಕ ಚಮಚ ಉಪ್ಪು ಹಾಕಿ, ಶುಭ್ರವಾದ ಹತ್ತಿ ಬಟ್ಟೆ ಅದರಲ್ಲಿ ಅದ್ದಿ ಹಿಂಡಿ, ಹತ್ತು ನಿಮಿಷ ಕಿವಿಹಾಲೆಯ ಮೇಲೆ ಇಡಿ. ದಿನಕ್ಕೆ ಮೂರು ನಾಲ್ಕು ಸಲ ಮಾಡಿದರೆ ಹೊಪ್ಪಳೆ ನೆನೆದು ಬಿಡುತ್ತದೆ, ಸೋರುವುದು ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಹೊಪ್ಪಳೆಯನ್ನು ಉಗುರಿನಿಂದ ಕೀಳಬಾರದು. ಅರಿಸಿನ, ಬೇವಿನೆಣ್ಣೆ, ಡೆಟಾಲ್ ಯಾವುದೂ ಬೇಡ, ಸೋರುವ ಚರ್ಮಕ್ಕೆ ಅವು ಉರಿ ತರುತ್ತವೆ, ಕೆಲವರಿಗೆ ಅವುಗಳಿಂದಲೇ ಹೊಸ ಅಲರ್ಜಿ ಶುರುವಾಗುತ್ತದೆ.

ಆ ಟ್ಯೂಬಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಅದರ ಮೇಲಿನ ಹೆಸರು ಓದಿ. ಚೀಟಿ ಇಲ್ಲದೆ ಕೊಡುವ ಇಂಥ ಟ್ಯೂಬುಗಳಲ್ಲಿ ಹೆಚ್ಚಿನವು ಜೋರಾದ ಸ್ಟೀರಾಯ್ಡ್, ಆ್ಯಂಟಿಬಯೋಟಿಕ್, ಹುಳುಕಡ್ಡಿಯ ಔಷಧಿ ಮೂರನ್ನೂ ಬೆರೆಸಿದವು. ಸ್ಟೀರಾಯ್ಡ್‌ನಿಂದ ಎರಡು ದಿನ ಕೆಂಪು ಇಳಿಯುತ್ತದೆ, ನಿಕಲ್ ಕಿವಿಯಲ್ಲೇ ಇರುವುದರಿಂದ ಮತ್ತೆ ಏಳುತ್ತದೆ. ಅದರಲ್ಲಿ ನಿಯೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಇದ್ದರೆ ಅದಕ್ಕೇ ಅಲರ್ಜಿ ಬರುವವರು ಬಹಳ ಜನ. ತಿಂಗಳುಗಟ್ಟಲೆ ಹಚ್ಚಿದರೆ ಕಿವಿಹಾಲೆಯ ಚರ್ಮ ತೆಳುವಾಗಿ, ಭಾರದ ಜುಮಕಿಗೆ ತೂತು ಸೀಳಿ ಉದ್ದವಾಗುತ್ತದೆ. ಈ ತೊಂದರೆಗೆ ನಾವು ಕೊಡುವುದೂ ಸ್ಟೀರಾಯ್ಡ್ ಮುಲಾಮೇ. ಆದರೆ ಒಂದೇ ಔಷಧಿ ಇರುವುದು, ಮಧ್ಯಮ ಶಕ್ತಿಯದ್ದು, ಲೋಹ ತೆಗೆದ ಮೇಲೆ, ತೆಳ್ಳಗೆ, ಐದರಿಂದ ಏಳು ದಿನ. ಅದನ್ನು ಕಿವಿ ನೋಡಿಯೇ ಬರೆಯಬೇಕು, ಆದ್ದರಿಂದ ಮಂಡ್ಯದಲ್ಲೇ ಒಬ್ಬ ಚರ್ಮರೋಗ ವೈದ್ಯರಿಗೆ ತೋರಿಸಿ.

ತೂತು ಮುಚ್ಚಿಹೋದರೆ ಎಂಬ ಚಿಂತೆ ನಿಮಗಿರುತ್ತದೆ. ಚುಚ್ಚಿಸಿ ವರ್ಷಗಳಾದ ತೂತು ಎರಡು ಮೂರು ವಾರಕ್ಕೆ ಸಾಮಾನ್ಯವಾಗಿ ಪೂರ್ತಿ ಮುಚ್ಚುವುದಿಲ್ಲ, ಸ್ವಲ್ಪ ಕಿರಿದಾಗಬಹುದು. ಸೋರುವುದು ನಿಂತ ಮೇಲೆ ಬೇಕಾದರೆ ಲೋಹವಿಲ್ಲದ ಶುಭ್ರ ಪ್ಲಾಸ್ಟಿಕ್ ಕಡ್ಡಿ ಹಾಕಿಡಬಹುದು. ಹಳ್ಳಿಗಳಲ್ಲಿ ಬೇವಿನ ಕಡ್ಡಿ ಸಿಕ್ಕಿಸುತ್ತಾರೆ. ಲೋಹ ಇಲ್ಲ ಎಂಬ ಮಟ್ಟಿಗೆ ಆ ಪದ್ಧತಿ ಒಳ್ಳೆಯದೇ, ಆದರೆ ಹುಣ್ಣಾದ ತೂತಿಗೆ ಮರದ ಕಡ್ಡಿ ಹಾಕಿದರೆ ಸಿಬಿರು, ಕೊಳೆ ಒಳಗೆ ಸೇರುತ್ತವೆ. ಒಂದು ವೇಳೆ ಮುಚ್ಚಿಯೇ ಹೋದರೆ ಮತ್ತೆ ಚುಚ್ಚಿಸಬಹುದು, ಕಿವಿ ಪೂರ್ತಿ ಮಾಗಿ ಎರಡು ಮೂರು ತಿಂಗಳಾದ ಮೇಲೆ.

ಇನ್ನು ಯಾವುದನ್ನು ಕೊಳ್ಳಬೇಕು ಎಂಬುದು. ಒಂದು ಮಾತು ಮನಸ್ಸಿನಲ್ಲಿಡಿ: ಚರ್ಮಕ್ಕೆ ಲೆಕ್ಕ ಲೋಹದೊಳಗೆ ಎಷ್ಟು ನಿಕಲ್ ಇದೆ ಎಂಬುದಲ್ಲ, ಅದರಿಂದ ಎಷ್ಟು ಹೊರಗೆ ಬರುತ್ತದೆ ಎಂಬುದು. ಡೆನ್ಮಾರ್ಕ್ ದೇಶ 1990ರಲ್ಲಿ ಆಭರಣದಿಂದ ನಿಕಲ್ ಹೊರಬರುವುದಕ್ಕೆ ಕಾನೂನಿನ ಮಿತಿ ಹಾಕಿತು, ಆಮೇಲೆ ಯುರೋಪಿನ ಒಕ್ಕೂಟವೂ ಹಾಕಿತು. ಅದಾದ ಮೇಲೆ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ಈ ಅಲರ್ಜಿ ಕಡಿಮೆಯಾಯಿತು. ಆ ನಿಯಮದಲ್ಲೂ ಅತಿ ಬಿಗಿ ಮಿತಿ ಇರುವುದು ತೂತಿನೊಳಗೆ ಹೋಗುವ ಭಾಗಕ್ಕೆ. ಅಂಗಡಿಯಲ್ಲಿ ನೀವೂ ಮೊದಲು ನೋಡಬೇಕಾದದ್ದು ಕಡ್ಡಿ ಮತ್ತು ತಿರುಪು, ಆಮೇಲೆ ಜುಮಕಿಯ ಚೆಂದ.

ಅಲರ್ಜಿ ಇರುವವರಿಗೆ ಅತ್ಯಂತ ನಿಶ್ಚಿಂತೆಯ ಲೋಹ ಟೈಟೇನಿಯಂ. ಆನ್‌ಲೈನಿನಲ್ಲಿ, ಕೆಲವು ಚುಚ್ಚುವ ಸ್ಟುಡಿಯೋಗಳಲ್ಲಿ ಸಿಗುತ್ತದೆ. ಇಂಪ್ಲಾಂಟ್ ಗ್ರೇಡ್, ಎಎಸ್‌ಟಿಎಂ ಎಫ್-136 ಎಂದು ಬರೆದಿರಬೇಕು. ಚೂರು ಬೆಲೆ ಹೆಚ್ಚು, ನಮ್ಮ ಓಲೆಗಳ ವಿನ್ಯಾಸ ಅದರಲ್ಲಿ ಸಿಗುವುದಿಲ್ಲ, ಕಾಲೇಜಿಗೆ ಹಾಕುವ ಚಿಕ್ಕ ಹರಳಿಗೆ ಸಾಕು. ಎರಡನೆಯದು 22 ಕ್ಯಾರೆಟ್ ಚಿನ್ನ, 916 ಮತ್ತು ಬಿಐಎಸ್ ಗುರುತಿನದ್ದು. ಆದರೆ ಹಾಲ್‌ಮಾರ್ಕ್ ಹೇಳುವುದು ಬಂಗಾರ ಎಷ್ಟು ಎಂಬುದನ್ನು, ಉಳಿದ ಪಾಲು ಏನು ಎಂಬುದನ್ನಲ್ಲ. ಎರಡು ಗ್ರಾಂ ಒಳಗಿನ ಆಭರಣಕ್ಕೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಪುಟ್ಟ ಓಲೆಗಳು, ಬಿಡಿ ತಿರುಪುಗಳು ಅದರಡಿ ಜಾರಿಹೋಗುತ್ತವೆ. 22 ಕ್ಯಾರೆಟ್ ಮೃದು, ತಿರುಪಿನ ಮರೆ ಬೇಗ ಸವೆಯುತ್ತದೆ, ಆದ್ದರಿಂದ ತಿರುಪನ್ನು ಗಟ್ಟಿ ಮಿಶ್ರಣದಲ್ಲಿ ಮಾಡುವುದುಂಟು. ಮೈಸೂರಿನ ಅಶೋಕ ರಸ್ತೆಯಲ್ಲಾಗಲಿ ನಿಮ್ಮ ಪೇಟೆ ಬೀದಿಯಲ್ಲಾಗಲಿ ಕೊಳ್ಳುವಾಗ ‘ತಿರುಪು ಎಷ್ಟು ಕ್ಯಾರೆಟ್, ಇದರಲ್ಲಿ ನಿಕಲ್ ಬೆರೆಸಿದ್ದೀರಾ’ ಎಂದು ಬಾಯಿಬಿಟ್ಟು ಕೇಳಿ. ವೈಟ್ ಗೋಲ್ಡ್ ಬೇಡ, ಅದನ್ನು ಬೆಳ್ಳಗೆ ಮಾಡಲು ನಿಕಲ್ ಬೆರೆಸುವುದು ಸಾಮಾನ್ಯ.

ಬೆಳ್ಳಿ 92.5 ಎಂದಿದ್ದರೆ ಹೆಚ್ಚಿನವರಿಗೆ ಆಗುತ್ತದೆ, ಪಾಲಿಶ್ ಕೊಡದ ಸಾದಾ ಬೆಳ್ಳಿ ಆರಿಸಿ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯೇ ಇಲ್ಲ, ಅದು ತಾಮ್ರ, ಸತು, ನಿಕಲ್ ಸೇರಿದ್ದು. ಹಳೆಯ ಕಾಲದ ಬೆಳ್ಳಿಯಂತೆ ಕಾಣುವ ಆಕ್ಸಿಡೈಸ್ಡ್ ಜುಮಕಿಗಳು ಹುಡುಗಿಯರಿಗೆ ತುಂಬಾ ಇಷ್ಟ, ಅವುಗಳಲ್ಲೂ ಬಹಳಷ್ಟು ಇದೇ ಜಾತಿಯವು. ನಿಮ್ಮ ಮಗಳಿಗೆ ಇವು ಪೂರ್ತಿ ನಿಷಿದ್ಧ. ಸರ್ಜಿಕಲ್ ಸ್ಟೀಲ್ ಎಂದರೆ ನಿಕಲ್ ಇಲ್ಲ ಎಂದು ತಿಳಿಯಬೇಡಿ. 316ಎಲ್ ಎಂಬ ಒಳ್ಳೆಯ ಸ್ಟೀಲಿನಲ್ಲೂ ನೂರಕ್ಕೆ ಹತ್ತರಷ್ಟಾದರೂ ನಿಕಲ್ ಇದೆ. ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಹೊರಗೆ ಬರುವುದು ಕಡಿಮೆ, ಮಾಗಿದ ತೂತಿನಲ್ಲಿ ಅನೇಕರಿಗೆ ಒಗ್ಗುತ್ತದೆ. ಅಲರ್ಜಿ ಈಗಾಗಲೇ ಇರುವವರ ಹೊಸ ತೂತಿಗೆ ಮಾತ್ರ ನಾನು ಹೇಳುವುದಿಲ್ಲ. ‘ನಿಕಲ್ ಫ್ರೀ’ ಚೀಟಿಯನ್ನು ನಂಬುವ ಬದಲು ನಿಕಲ್ ಸ್ಪಾಟ್ ಟೆಸ್ಟ್ ಕಿಟ್ ಆನ್‌ಲೈನಿನಲ್ಲಿ ತರಿಸಿ, ಮೇಲೆ ಹೇಳಿದಂತೆ ಉಜ್ಜಿ ನೋಡಿ, ಒಮ್ಮೆ ತಂದರೆ ಮನೆಯ ಎಲ್ಲ ಓಲೆ, ಪಿನ್ನು, ಗುಂಡಿಗೂ ಬರುತ್ತದೆ. ಹೊಸ ಪಾಲಿಶ್ ಇರುವಾಗ ಬೆಳ್ಳಗೆ ಉಳಿದದ್ದು ಸವೆದ ಮೇಲೆ ಗುಲಾಬಿಯಾಗಬಹುದು, ಆದ್ದರಿಂದ ಪಾಲಿಶಿನ ಒಡವೆಯನ್ನು ಕೆಲವು ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸಬೇಕು. ಆಯಸ್ಕಾಂತ ಹಿಡಿದು ನೋಡುವುದು ಕೆಲಸಕ್ಕೆ ಬಾರದು, ಜರ್ಮನ್ ಸಿಲ್ವರ್ ಆಯಸ್ಕಾಂತಕ್ಕೆ ಅಂಟುವುದಿಲ್ಲ.

ಕಡ್ಡಿಗೆ ನೈಲ್ ಪಾಲಿಶ್ ಬಳಿಯುವುದನ್ನು ಹಲವರು ಮಾಡುತ್ತಾರೆ. ಒಂದೆರಡು ಸಲ ತಡೆಯುತ್ತದೆ, ತಿರುಪು ತಿರುಗಿಸಿದ ಕಡೆ ಎದ್ದುಬರುತ್ತದೆ, ಎದ್ದದ್ದು ಗೊತ್ತಾಗುವುದು ಕಿವಿ ಕೆರಳಿದ ಮೇಲೆ. ನೈಲ್ ಪಾಲಿಶ್‌ಗೇ ಅಲರ್ಜಿ ಆಗುವವರೂ ಇದ್ದಾರೆ.

ಯಾವುದಕ್ಕೆ ಅಲರ್ಜಿ ಎಂದು ಚರ್ಮದ ಮೇಲೆಯೇ ನೋಡುವ ಪ್ಯಾಚ್ ಟೆಸ್ಟ್ ಬೇಕೇ ಎಂದರೆ, ಲೋಹ ಬಿಟ್ಟು ಕಿವಿ ವಾಸಿಯಾಗಿ, ಚಿನ್ನದ ತಿರುಪಿನೊಂದಿಗೆ ಚಿನ್ನದ ಓಲೆ ಹಾಕಿದಾಗ ಏನೂ ಆಗದಿದ್ದರೆ ಬೇಡ. ಆಗಲೂ ನವೆ ಬಂದರೆ ಬೇಕು. ಬೆನ್ನಿಗೆ ವ್ಯಾಸಲೀನಿನಲ್ಲಿ ಬೆರೆಸಿದ ನಿಕಲ್ ಸಲ್ಫೇಟ್ ಮತ್ತು ಇತರ ಪದಾರ್ಥಗಳ ಪಟ್ಟಿ ಅಂಟಿಸಿ, ಎರಡು ದಿನಕ್ಕೆ ಬಿಚ್ಚಿ ನೋಡಿ, ಇನ್ನೆರಡು ದಿನಕ್ಕೆ ಮತ್ತೆ ನೋಡುತ್ತೇವೆ. ಅಲ್ಲಿಯವರೆಗೆ ಬೆನ್ನಿಗೆ ನೀರು ಹಾಕುವಂತಿಲ್ಲ. ಕಿವಿ ಕೆರಳಿರುವಾಗ ಮಾಡಿಸಬೇಡಿ, ಫಲಿತಾಂಶ ಗೊಂದಲವಾಗುತ್ತದೆ. ಮುಂದೆ ಹಲ್ಲಿಗೆ ತಂತಿ ಹಾಕಿಸುವಾಗ, ಮೂಳೆಗೆ ಪ್ಲೇಟ್ ಹಾಕುವ ಪ್ರಸಂಗ ಬಂದರೆ ಈ ಅಲರ್ಜಿಯನ್ನು ವೈದ್ಯರಿಗೆ ಹೇಳುವುದನ್ನು ಮರೆಯಬಾರದು.

ಮದುವೆಗೆ ಒಂದು ತಿಂಗಳಿದೆ, ಇವತ್ತೇ ಲೋಹ ತೆಗೆದರೆ ಸಮಯ ಸಾಲುತ್ತದೆ. ಅಷ್ಟರಲ್ಲಿ ನಿಮ್ಮ ಓಲೆಗೆ ಸರಿಯಾದ ಚಿನ್ನದ ತಿರುಪು ಮಾಡಿಸಿ. ಮದುವೆಗೆ ಒಂದು ವಾರ ಮೊದಲು, ಚರ್ಮ ನುಣುಪಾಗಿದ್ದರೆ, ಒಂದು ಕಿವಿಗೆ ಮಾತ್ರ ಹಾಕಿ ಮೂರು ದಿನ ನೋಡಿ. ಏನೂ ಆಗದಿದ್ದರೆ ಎರಡಕ್ಕೂ ಹಾಕಿ. ಭಾರದ ಜುಮಕಿ ಬೇಕೇ ಬೇಕು ಎಂದು ಹಟ ಮಾಡಿದರೆ ಚಿನ್ನದ ಓಲೆಗೆ ಸಿಕ್ಕಿಸುವ ಜುಮಕಿ ಹಾಕಿ, ಮಾಟಿ ಕಟ್ಟಿ ಭಾರ ಕೂದಲಿಗೆ ಹೋಗುವಂತೆ ಮಾಡಿ, ಮುಹೂರ್ತ ಮುಗಿದ ಮೇಲೆ ತೆಗೆಯಿರಿ. ಜುಮಕಿ ಕತ್ತಿಗೆ ತಾಗಿದ ಕಡೆಯೂ ಏಳಬಹುದು, ಅದನ್ನು ಒಪ್ಪಿಕೊಂಡೇ ಹಾಕಬೇಕು. ಆ ಹೊತ್ತಿಗೂ ಕಿವಿ ಒಸರುತ್ತಿದ್ದರೆ ಏನೂ ಹಾಕಬೇಡಿ, ಹೂವು ಮುಡಿಸಿ ಕಳಿಸಿ.

ಈ ನಡುವೆ ಜ್ವರ ಬಂದರೆ, ಕಿವಿಯ ಹಿಂದೆ ಗಂಟು ಕಟ್ಟಿದರೆ, ಅಥವಾ ಕೆಂಪು ಮತ್ತು ನೋವು ಕಿವಿಹಾಲೆಯಿಂದ ಮೇಲಿನ ಗಟ್ಟಿ ಭಾಗಕ್ಕೆ ಏರಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಆ ಗಟ್ಟಿ ಭಾಗದ ಮೃದ್ವಸ್ಥಿಗೆ ಸೋಂಕು ತಾಗಿದರೆ ಕಿವಿಯ ಆಕಾರವೇ ಕೆಡುತ್ತದೆ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.